ಒಂದೂವರೆ ಗಂಟೆಯ ಉಪನ್ಯಾಸ: ನೋಡುವ ಮೊದಲೇ ಒಳಗೇನಿದೆ ಎಂದು ತಿಳಿಯುವುದು ಹೇಗೆ?

ಯಾರೋ ಒಂದು ವಿಡಿಯೊ ಕಳಿಸಿ "ಇದನ್ನ ನೋಡಲೇಬೇಕು" ಅಂದಿರುತ್ತಾರೆ. ತೆರೆದರೆ 1 ಗಂಟೆ 32 ನಿಮಿಷ. ನಿಮಗೆ ಬೇಕಾದ ಮಾತು ಅದರಲ್ಲಿದೆಯೋ ಇಲ್ಲವೋ, ಇದ್ದರೆ ಎಲ್ಲಿದೆ, ಅರ್ಥವಾಗಬೇಕಾದರೆ ಮೊದಲೇ ಏನಾದರೂ ಗೊತ್ತಿರಬೇಕಾ, ಇದ್ಯಾವುದೂ ಗೊತ್ತಿಲ್ಲ. ಸುಮ್ನೆ ಪ್ಲೇ ಒತ್ತಿ ಕೂರುವುದು ಒಂದು ದಾರಿ. ನಾನು ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಒಮ್ಮೆ ಮುಕ್ಕಾಲು ಗಂಟೆ ನೋಡಿದ ಮೇಲೆ, ನನಗೆ ಬೇಕಿದ್ದದ್ದು ಅದೇ ಸರಣಿಯ ಹಿಂದಿನ ಭಾಗದಲ್ಲಿದೆ ಅಂತ ಉಪನ್ಯಾಸಕರ ಬಾಯಿಂದಲೇ ಕೇಳಿದೆ!

ಇನ್ನೊಂದು ದಾರಿ ಇದೆ. ವಿಡಿಯೊದ ಜೊತೆ ಓದಬಹುದಾದ ನಾಲ್ಕು ವಸ್ತುಗಳು ಬರುತ್ತವೆ: ಶೀರ್ಷಿಕೆ, ಡಿಸ್ಕ್ರಿಪ್ಷನ್, ಚಾಪ್ಟರ್‌ಗಳು, ಟ್ರಾನ್ಸ್‌ಕ್ರಿಪ್ಟ್. ಇವನ್ನು ಸರಿಯಾಗಿ ಓದಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಒಂದು ನಂಬಬಹುದಾದ ಸಾರಾಂಶ ಬರೆಯಬಹುದು. ತಪ್ಪಾಗಿ ಓದಿದರೆ ಉಪನ್ಯಾಸಕರು ಹೇಳಿದ್ದಕ್ಕೆ ತೀರಾ ಉಲ್ಟಾ ಬರೆಯುವ ಸಾಧ್ಯತೆಯೂ ಇದೆ. ಅದು ಹೇಗೆ ಆಗುತ್ತದೆ ಅನ್ನೋದನ್ನೂ ನೋಡೋಣ.

## ನಾಲ್ಕು ವಸ್ತು, ನಾಲ್ಕು ಕೈಬರಹ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ನಾಲ್ಕನ್ನೂ ಒಬ್ಬರೇ ಬರೆದಿರುವುದಿಲ್ಲ. ಬರೆದ ಉದ್ದೇಶವೂ ಒಂದೇ ಅಲ್ಲ.

ಶೀರ್ಷಿಕೆ ಅಂಗಡಿಯ ಬೋರ್ಡ್ ಇದ್ದ ಹಾಗೆ. ಯೂಟ್ಯೂಬ್‌ನಲ್ಲಿ ಅದಕ್ಕೆ 100 ಅಕ್ಷರಗಳ ಮಿತಿ ಇದೆ. ಅಷ್ಟರಲ್ಲಿ ದಾರಿಹೋಕರನ್ನು ನಿಲ್ಲಿಸಬೇಕು. ಹಾಗಾಗಿ ಒಳಗೆ ಜಾಸ್ತಿ ಇರುವ ವಿಷಯಕ್ಕಿಂತ ಜಾಸ್ತಿ ಜನ ಹುಡುಕುವ ವಿಷಯಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಡಿಸ್ಕ್ರಿಪ್ಷನ್‌ಗೆ 5,000 ಅಕ್ಷರಗಳವರೆಗೆ ಅವಕಾಶವಿದೆ. ಆದರೆ ಅದನ್ನು ಬಹಳ ಸಲ ವಿಡಿಯೊ ಏರಿಸಿದವರು ಬರೆದಿರುತ್ತಾರೆ, ಪಾಠ ಮಾಡಿದವರಲ್ಲ. ಉಪನ್ಯಾಸ ನಡೆಯುವ ಮುಂಚೆ ಆಹ್ವಾನಕ್ಕೆಂದು ಬರೆದ ಪ್ಯಾರಾವನ್ನೇ ಅಂಟಿಸಿರುವುದೂ ಉಂಟು. ಅಂದರೆ ಅಲ್ಲಿರುವುದು ಉಪನ್ಯಾಸಕರು ಹೇಳಬೇಕು ಅಂದುಕೊಂಡದ್ದು. ಹೇಳಿದ್ದು ಬೇರೆ ಇರಬಹುದು.

ಚಾಪ್ಟರ್ ಅಂದರೆ ವಿಡಿಯೊದ ಒಂದೊಂದು ಭಾಗದ ಹೆಸರು, ಜೊತೆಗೆ ಅದು ಶುರುವಾಗುವ ಸಮಯ. ಇವನ್ನು ವಿಡಿಯೊ ಆದ ಮೇಲೆ, ಅದನ್ನು ನೋಡಿಯೇ ಗುರುತು ಮಾಡಬೇಕು. ಆದ್ದರಿಂದ ಮೊದಲೆರಡಕ್ಕಿಂತ ಇದು ವಾಸ್ತವಕ್ಕೆ ಹತ್ತಿರ. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಕೆಲವು ಚಾಪ್ಟರ್‌ಗಳನ್ನು ಮನುಷ್ಯರು ಹಾಕಿರುತ್ತಾರೆ, ಕೆಲವನ್ನು ಯೂಟ್ಯೂಬ್ ತಾನಾಗಿಯೇ ಹಾಕಿರುತ್ತದೆ. ಡಿಸ್ಕ್ರಿಪ್ಷನ್‌ನಲ್ಲಿ 00:00 ದಿಂದ ಶುರುವಾಗುವ ಸಮಯದ ಪಟ್ಟಿ ಇದ್ದರೆ ಅದು ಸಾಮಾನ್ಯವಾಗಿ ಮನುಷ್ಯರ ಕೆಲಸ. ಪಟ್ಟಿ ಇಲ್ಲ, ಆದರೂ ಚಾಪ್ಟರ್ ಕಾಣುತ್ತಿದೆ ಅಂದರೆ ಯಂತ್ರದ್ದು ಅಂತ ಊಹಿಸಿ ಸ್ವಲ್ಪ ಕಡಿಮೆ ನಂಬಿ.

ಟ್ರಾನ್ಸ್‌ಕ್ರಿಪ್ಟ್ ಅಂದರೆ ಆಡಿದ ಮಾತೆಲ್ಲ ಅಕ್ಷರದಲ್ಲಿ, ಪಕ್ಕದಲ್ಲಿ ಸಮಯ. ಡಿಸ್ಕ್ರಿಪ್ಷನ್ ಪೂರ್ತಿ ಬಿಚ್ಚಿ ಕೆಳಗೆ ಹೋದರೆ `Show transcript` ಎಂಬ ಗುಂಡಿ ಸಿಗುತ್ತದೆ. ನಾಲ್ಕರಲ್ಲಿ ಇದೊಂದೇ ಉಪನ್ಯಾಸಕರ ಸ್ವಂತ ಮಾತು. ಆದರೆ ಭಾಷೆಯ ಹೆಸರಿನ ಮುಂದೆ `auto-generated` ಅಂತ ಇದ್ದರೆ, ಅದು ಯಂತ್ರ ಕೇಳಿಸಿಕೊಂಡು ಬರೆದ ಮಾತು. ಯಂತ್ರಕ್ಕೆ ಬೋರ್ಡ್ ಕಾಣುವುದಿಲ್ಲ, ದನಿಯ ಏರಿಳಿತ ತಿಳಿಯುವುದಿಲ್ಲ, ಅಪರೂಪದ ಹೆಸರುಗಳು ಬಂದರೆ ಹತ್ತಿರದ ಯಾವುದೋ ಮಾಮೂಲಿ ಪದ ಹಾಕಿಬಿಡುತ್ತದೆ.

## ಒಂದು ಉದಾಹರಣೆ ಇಟ್ಟುಕೊಳ್ಳೋಣ

ಇದು ವಿವರಿಸಲಿಕ್ಕೆ ನಾನೇ ಕಟ್ಟಿದ ಉಪನ್ಯಾಸ, ಹುಡುಕಿದರೆ ಸಿಗುವುದಿಲ್ಲ. ಒಳಗಿರುವ ವಿಜ್ಞಾನ ಮಾತ್ರ ನಿಜ. ಉಪನ್ಯಾಸ ಇಂಗ್ಲಿಷಿನಲ್ಲಿದೆ, ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಶೀರ್ಷಿಕೆ ಹೀಗಿದೆ: "ಆಂಟಿಬಯಾಟಿಕ್ ಯುಗ ಮುಗಿಯಿತೇ? ನಾವೀಗ ಮಾಡಬೇಕಾದ್ದೇನು?"

ಡಿಸ್ಕ್ರಿಪ್ಷನ್‌ನಲ್ಲಿ ಮೂರು ಸಾಲು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೇಗೆ ಹುಟ್ಟುತ್ತವೆ, ಹೇಗೆ ಹರಡುತ್ತವೆ, ಪರಿಹಾರವೇನು ಎಂದು ಹೇಳಲಾಗುವುದು ಅಂತ. ಕೆಳಗೆ ಈ ಪಟ್ಟಿ:

```
00:00 ಪರಿಚಯ
06:10 ಪೆನಿಸಿಲಿನ್ ಕಥೆ
14:40 ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿಗಳು
47:30 ಎರಡು ಹಳೆಯ ಪ್ರಯೋಗಗಳು
1:03:00 ಪ್ಲಾಸ್ಮಿಡ್
1:14:20 ಮುಂದೇನು?
1:20:00 ಪ್ರಶ್ನೋತ್ತರ
```

ವಿಡಿಯೊ ಮುಗಿಯುವುದು 1:32:00 ಕ್ಕೆ.

## ಚಾಪ್ಟರ್‌ನ ಹೆಸರು ಬಿಡಿ, ನಿಮಿಷ ಎಣಿಸಿ

ಬಹಳ ಜನ ಈ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಏಳು ಭಾಗ ಇವೆ ಅಂದುಕೊಂಡು, ಏಳಕ್ಕೂ ಒಂದೊಂದು ಸಾಲು ಬರೆದುಬಿಡುತ್ತಾರೆ. ಅಲ್ಲೇ ಮೊದಲ ತಪ್ಪು. ಪಟ್ಟಿಯಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ಉಪನ್ಯಾಸದಲ್ಲಿ ಹಾಗಿಲ್ಲ.

ಒಂದು ಸಮಯದಿಂದ ಅದರ ಹಿಂದಿನದನ್ನು ಕಳೆಯಿರಿ. ಪರಿಚಯಕ್ಕೆ ಆರು ನಿಮಿಷ, ಪೆನಿಸಿಲಿನ್ ಕಥೆಗೆ ಎಂಟೂವರೆ. ತಪ್ಪಿಸಿಕೊಳ್ಳುವ ದಾರಿಗಳಿಗೆ ಹತ್ತಿರ ಹತ್ತಿರ 33 ನಿಮಿಷ. ಪ್ರಯೋಗಗಳಿಗೆ ಹದಿನೈದೂವರೆ, ಪ್ಲಾಸ್ಮಿಡ್‌ಗೆ ಹನ್ನೊಂದು ಚಿಲ್ಲರೆ. ಶೀರ್ಷಿಕೆಯ ಅರ್ಧ ಭಾಗ ಹೊತ್ತಿರುವ "ಮಾಡಬೇಕಾದ್ದೇನು" ಅನ್ನೋದಕ್ಕೆ? 5 ನಿಮಿಷ 40 ಸೆಕೆಂಡ್. 92 ನಿಮಿಷದಲ್ಲಿ ನೂರಕ್ಕೆ ಆರು ಪಾಲು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ.

ಟ್ರಾನ್ಸ್‌ಕ್ರಿಪ್ಟ್ ಮುಟ್ಟುವ ಮೊದಲೇ ಇಷ್ಟು ಗೊತ್ತಾಯಿತು. ಇದು ಪರಿಹಾರದ ಉಪನ್ಯಾಸ ಅಲ್ಲ, ಬ್ಯಾಕ್ಟೀರಿಯಾದ ಒಳಗೆ ಏನು ನಡೆಯುತ್ತದೆ ಅನ್ನುವ ಉಪನ್ಯಾಸ. ಪರಿಹಾರ ಹುಡುಕಿ ಬಂದವರು ಇಲ್ಲೇ ವಾಪಸ್ ಹೋಗಬಹುದು.

ಇನ್ನೊಂದು ಸಣ್ಣ ವಿಷಯ. ಪಟ್ಟಿ ಹಾಕುವವರು ಬೇಸತ್ತಾಗ ಚಾಪ್ಟರ್‌ಗಳು ಉದ್ದವಾಗುತ್ತವೆ. 33 ನಿಮಿಷಕ್ಕೆ ಒಂದೇ ಹೆಸರು ಇದೆ ಅಂದರೆ ಅದರೊಳಗೆ ಮೂರ್ನಾಲ್ಕು ವಿಷಯ ಅಡಗಿರುತ್ತವೆ ಅಂತಲೇ ಲೆಕ್ಕ. ಅದನ್ನು ಬಿಡಿಸಲಿಕ್ಕೆ ಟ್ರಾನ್ಸ್‌ಕ್ರಿಪ್ಟ್ ಬೇಕು.

## ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಓದಬೇಡಿ

ಇಂಗ್ಲಿಷಿನಲ್ಲಿ ಪಾಠ ಮಾಡುವವರು ನಿಮಿಷಕ್ಕೆ ಸುಮಾರು 140 ಪದ ಆಡುತ್ತಾರೆ ಅಂದುಕೊಳ್ಳಿ. 92 ನಿಮಿಷಕ್ಕೆ ಹತ್ತಿರ ಹತ್ತಿರ 13,000 ಪದ. ನಿಮಿಷಕ್ಕೆ 230 ಪದದ ವೇಗದಲ್ಲಿ ಓದಿದರೂ 55 ನಿಮಿಷ ದಾಟುತ್ತದೆ. ಅದೂ ಬಹಳ ಸಲ ಪೂರ್ಣವಿರಾಮವಿಲ್ಲದ, ಪ್ಯಾರಾ ಇಲ್ಲದ, "ಅಂದರೆ, ಹಾಂ, ಸೋ" ತುಂಬಿದ ಬರಹ. ಅದರ ಬದಲು ವಿಡಿಯೊವನ್ನೇ ಒಂದೂವರೆ ವೇಗದಲ್ಲಿ ನೋಡುವುದು ಮೇಲು.

ಹಾಗಾಗಿ ಕೀಲುಗಳನ್ನು ಮಾತ್ರ ಓದಿ. ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ಒಳ್ಳೆಯ ಉಪನ್ಯಾಸಕರು ಹಿಂದಿನದನ್ನು ಒಂದು ವಾಕ್ಯದಲ್ಲಿ ಕಟ್ಟಿ ಮುಂದಿನದನ್ನು ಒಂದು ವಾಕ್ಯದಲ್ಲಿ ಬಿಚ್ಚುತ್ತಾರೆ. ಸಾರಾಂಶವನ್ನು ಅವರೇ ಮಾಡಿಕೊಟ್ಟಿರುತ್ತಾರೆ, ನಾವು ಎತ್ತಿಕೊಂಡರಾಯಿತು. ನಮ್ಮ ಉದಾಹರಣೆಯಲ್ಲಿ ಇಂಥ ಆರು ಕೀಲು ಇವೆ. ಪ್ರತಿಯೊಂದರ ಹಿಂದೆ ಒಂದು ನಿಮಿಷ, ಮುಂದೆ ಒಂದು ನಿಮಿಷ ಓದಿ. ಜೊತೆಗೆ ಶುರುವಿನ ನಾಲ್ಕು ನಿಮಿಷ, ಸಮಾರೋಪದ ಮೂರು ನಿಮಿಷ. ಒಟ್ಟು ಸುಮಾರು 19 ನಿಮಿಷದ ಮಾತು, ಓದಲು ಹನ್ನೆರಡು ನಿಮಿಷ ಸಾಕು.

ಸಮಾರೋಪ ಅಂದಾಗ ಜನ ವಿಡಿಯೊದ ಕೊನೆಗೆ ಹೋಗುತ್ತಾರೆ. ಅಲ್ಲಿ ಸಿಗುವುದು ವಂದನಾರ್ಪಣೆ! ಉಪನ್ಯಾಸಕರ ಮುಗಿತಾಯದ ಮಾತು ಪ್ರಶ್ನೋತ್ತರಕ್ಕಿಂತ ಮುಂಚೆ ಇರುತ್ತದೆ. ಇಲ್ಲಿ ಅದು 1:17 ರಿಂದ 1:20 ರವರೆಗೆ.

ಆ 33 ನಿಮಿಷದ ಉದ್ದನೆಯ ಚಾಪ್ಟರ್‌ಗೆ ಹುಡುಕುವ ಪೆಟ್ಟಿಗೆಯೇ ದಾರಿ. `first`, `second`, `third` ಎಂದು ಹುಡುಕಿದಾಗ 15:20, 26:05, 38:40 ರಲ್ಲಿ ಸಿಕ್ಕಿತು ಅಂದುಕೊಳ್ಳಿ. ಆ ಮೂರು ಜಾಗದ ಸುತ್ತ ಓದಿದರೆ ಒಳಗಿನ ಭಾಗಗಳು ಹೊರಗೆ ಬರುತ್ತವೆ. ಮೊದಲನೆಯದು, ಬ್ಯಾಕ್ಟೀರಿಯಾ ಔಷಧವನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುವುದು. ಎರಡನೆಯದು, ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಗೆ ದಬ್ಬುವುದು. ಮೂರನೆಯದು, ಔಷಧ ಹೋಗಿ ಕೂರಬೇಕಾದ ಜಾಗದ ಆಕಾರವನ್ನೇ ಬದಲಿಸಿಕೊಳ್ಳುವುದು, ಅಂದರೆ ಬೀಗ ಬದಲಾಯಿಸಿ ಹಳೆಯ ಬೀಗದಕೈ ಕೆಲಸಕ್ಕೆ ಬಾರದ ಹಾಗೆ ಮಾಡುವುದು.

ಇನ್ನೂ ಎರಡು ಹುಡುಕಾಟ ಯಾವಾಗಲೂ ಮಾಡುತ್ತೇನೆ. ಒಂದು `last week` ಅಥವಾ `last time`. ಇದು ಸಿಕ್ಕರೆ ಇದು ಸರಣಿಯ ಮಧ್ಯದ ಪಾಠ, ಮುಂಚಿನದು ಬೇಕಾಗಬಹುದು. ಸಿಕ್ಕ ಜಾಗದ ವಾಕ್ಯ ಓದಿದರೆ ಏನು ಬೇಕು ಅಂತಲೂ ತಿಳಿಯುತ್ತದೆ. ಇನ್ನೊಂದು `over here` ಅಥವಾ `this one`. ಒಂದೇ ಚಾಪ್ಟರ್‌ನಲ್ಲಿ ಇದು ಹತ್ತಾರು ಸಲ ಬಂದರೆ ಉಪನ್ಯಾಸಕರು ಚಿತ್ರಕ್ಕೆ ಕೈ ತೋರಿಸಿ ಮಾತಾಡುತ್ತಿದ್ದಾರೆ ಅಂತ ಅರ್ಥ. ಆ ಭಾಗದ ಟ್ರಾನ್ಸ್‌ಕ್ರಿಪ್ಟ್ ಅರ್ಧ ಖಾಲಿ. ವಿಷಯ ಬೋರ್ಡ್ ಮೇಲಿದೆ, ನಮ್ಮ ಕೈಯಲ್ಲಿಲ್ಲ. ಆ ಭಾಗವನ್ನು ಕೆಲಸ ಮಾಡುತ್ತಾ ಬರೀ ಕಿವಿಯಲ್ಲಿ ಕೇಳಿದರೂ ಆಗುವುದಿಲ್ಲ, ಕೂತು ನೋಡಬೇಕು.

## ಯಂತ್ರ ತಪ್ಪು ಕೇಳಿಸಿಕೊಂಡಾಗ

ತಾನಾಗಿ ಬಂದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಮಾಮೂಲಿ ಪದಗಳು ಬಹುತೇಕ ಸರಿ ಇರುತ್ತವೆ. ಕೆಡುವುದು ನಮಗೆ ಅತಿ ಹೆಚ್ಚು ಬೇಕಾದ ಪದಗಳೇ, ಯಾಕೆಂದರೆ ಅವೇ ಅಪರೂಪದವು. ಔಷಧ ಹೊರಗೆ ದಬ್ಬುವ "ಎಫ್ಲಕ್ಸ್" ಪಂಪ್ ಅನ್ನೋದು "ರಿಫ್ಲಕ್ಸ್" ಆಗಬಹುದು. "ಲೆಡರ್‌ಬರ್ಗ್" ಎಂಬ ವಿಜ್ಞಾನಿಯ ಹೆಸರು "ಲೆದರ್ ಬರ್ಗ್" ಆಗಿ ಚರ್ಮಕ್ಕೆ ಸಂಬಂಧಪಟ್ಟದ್ದರ ಹಾಗೆ ಕಾಣಬಹುದು.

ಇದನ್ನು ಹಿಡಿಯುವುದು ಹೇಗೆ? ವಿಷಯಕ್ಕೆ ಸಂಬಂಧವೇ ಇಲ್ಲದ ಪದ ಪದೇ ಪದೇ ಬಂದರೆ ಅನುಮಾನಿಸಿ. ಒಂದೇ ಹೆಸರು ಐದು ನಿಮಿಷದಲ್ಲಿ ಮೂರು ಥರ ಬರೆದಿದ್ದರೂ ಅಷ್ಟೇ. ಆಮೇಲೆ ಡಿಸ್ಕ್ರಿಪ್ಷನ್‌ಗೆ, ಚಾಪ್ಟರ್ ಪಟ್ಟಿಗೆ ವಾಪಸ್ ಹೋಗಿ. ಅವನ್ನು ಕೈಯಲ್ಲಿ ಬರೆದಿರುವುದರಿಂದ ಹೆಸರುಗಳ ಕಾಗುಣಿತ ಅಲ್ಲಿ ಸಾಮಾನ್ಯವಾಗಿ ಸರಿ ಇರುತ್ತದೆ. ಏನು ಹೇಳಿದರು ಅನ್ನೋದಕ್ಕೆ ಟ್ರಾನ್ಸ್‌ಕ್ರಿಪ್ಟ್ ಸಾಕ್ಷಿ, ಹೆಸರನ್ನು ಹೇಗೆ ಬರೆಯಬೇಕು ಅನ್ನೋದಕ್ಕೆ ಡಿಸ್ಕ್ರಿಪ್ಷನ್ ಸಾಕ್ಷಿ.

ಹೆಸರು ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪುಗಳು ಇನ್ನೂ ಕೆಟ್ಟವು. `can't` ಅನ್ನೋದು `can` ಆಗುವುದು, `fifteen` ಅನ್ನೋದು `fifty` ಆಗುವುದು. ವಾಕ್ಯ ಓದಲು ಚೆನ್ನಾಗಿಯೇ ಇರುತ್ತದೆ, ಅರ್ಥ ಮಾತ್ರ ತಲೆಕೆಳಗು. ಹಾಗಾಗಿ ಸಾರಾಂಶದಲ್ಲಿ ಒಂದು ಸಂಖ್ಯೆಯನ್ನೋ ಒಂದು "ಆಗುವುದಿಲ್ಲ"ವನ್ನೋ ಹಾಕುವ ಮೊದಲು ಆ ಸಮಯದ ಮೇಲೆ ಒತ್ತಿ ಹತ್ತು ಸೆಕೆಂಡ್ ಕೇಳಿಬಿಡಿ. ನೋಡುವ ಮೊದಲೇ ಸಾರಾಂಶ ಅಂದರೆ ಒಂದು ಸೆಕೆಂಡೂ ನೋಡಬಾರದು ಅಂತ ಹಟವೇನಿಲ್ಲ, ಅಲ್ವಾ?

## ಎದುರಾಳಿಯ ಮಾತನ್ನು ಉಪನ್ಯಾಸಕರ ಬಾಯಿಗೆ ತುರುಕಬೇಡಿ

ನನ್ನ ಪ್ರಕಾರ ದೊಡ್ಡ ಅಪಾಯ ಇದೇ, ಮತ್ತು ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ.

ಒಳ್ಳೆಯ ಉಪನ್ಯಾಸಕರು ಜನ ನಂಬಿರುವ ತಪ್ಪು ತಿಳಿವಳಿಕೆಯನ್ನು ಮೊದಲು ಪೂರ್ತಿಯಾಗಿ, ನಂಬುವ ಹಾಗೆಯೇ ವಿವರಿಸುತ್ತಾರೆ. ಆಮೇಲೆ ಅದನ್ನು ಕೆಡವುತ್ತಾರೆ. ಎದುರಿಗೆ ಕೂತವರಿಗೆ ದನಿಯಲ್ಲಿ, ಮುಖದಲ್ಲಿ "ಇದು ತಮಾಷೆ, ತಾಳಿ" ಅನ್ನೋದು ಕಾಣುತ್ತದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎರಡೂ ಒಂದೇ ಬಣ್ಣ.

ನಮ್ಮ ಉದಾಹರಣೆಯಲ್ಲಿ 47:30 ರ ಕೀಲಿನಲ್ಲಿ ಹೀಗಿದೆ ಅಂದುಕೊಳ್ಳಿ: "ಬ್ಯಾಕ್ಟೀರಿಯಾ ಔಷಧವನ್ನು ಎದುರಿಸುತ್ತದೆ. ಎದುರಿಸುತ್ತಾ ಎದುರಿಸುತ್ತಾ ಅದಕ್ಕೆ ಒಗ್ಗಿಕೊಳ್ಳುತ್ತದೆ. ಔಷಧವೇ ಅದನ್ನು ಬದಲಾಯಿಸುತ್ತದೆ." ಒಂದು ನಿಮಿಷ ಓದಿ ನಿಲ್ಲಿಸಿದವರು ಬರೆಯುವುದು, "ಔಷಧ ಬ್ಯಾಕ್ಟೀರಿಯಾವನ್ನು ಬದಲಾಯಿಸುತ್ತದೆ ಎಂದು ವಿವರಿಸುತ್ತಾರೆ" ಅಂತ.

ಆದರೆ ಚಾಪ್ಟರ್‌ನ ಹೆಸರು "ಎರಡು ಹಳೆಯ ಪ್ರಯೋಗಗಳು". ಪ್ರಯೋಗದ ಮಾತೇ ಇನ್ನೂ ಬಂದಿಲ್ಲವಲ್ಲ? ಈ ಅನುಮಾನ ಬಂದರೆ ಬಚಾವ್. ಮುಂದೆ ಓದಿದರೆ 50:15 ರಲ್ಲಿ "ಆದರೆ ಇದು ನಿಜವಾದರೆ" ಎಂದು ಶುರುವಾಗುತ್ತದೆ. ಅಲ್ಲಿಂದ ಕಥೆ ಬೇರೆ. 1943 ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರೂಕ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಬಳಸಿ ಮಾಡಿದ ಪ್ರಯೋಗ ಮೊದಲು ಬರುತ್ತದೆ. ಆಮೇಲೆ 1952 ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಮಖಮಲ್ ಬಟ್ಟೆಯಿಂದ ಮಾಡಿದ್ದು. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ರಬ್ಬರ್ ಸ್ಟಾಂಪಿನಂತೆ ಔಷಧ ಹಾಕಿದ ಬೇರೆ ತಟ್ಟೆಗಳ ಮೇಲೆ ಒತ್ತಿದರು. ಬದುಕಿದ ಬ್ಯಾಕ್ಟೀರಿಯಾಗಳು ಎಲ್ಲ ತಟ್ಟೆಗಳಲ್ಲೂ ಅದೇ ಅದೇ ಜಾಗದಲ್ಲಿ ಬೆಳೆದವು. ಅಂದರೆ ಔಷಧ ತಾಗುವ ಮೊದಲೇ ಮೂಲ ತಟ್ಟೆಯ ಆ ಜಾಗದಲ್ಲಿ ತಡೆದುಕೊಳ್ಳುವವು ಇದ್ದವು. ಔಷಧ ಅವನ್ನು ಹುಟ್ಟಿಸಲಿಲ್ಲ, ಉಳಿದವನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಟ್ಟಿತು ಅಷ್ಟೇ.

ಉಪನ್ಯಾಸದ ತಿರುಳೇ ಇದು. ಮೊದಲ ನಿಮಿಷ ಮಾತ್ರ ಓದಿದವರ ಕೈಗೆ ಸಿಕ್ಕಿದ್ದು ಇದರ ತದ್ವಿರುದ್ಧ.

ಇದರಿಂದ ತಪ್ಪಿಸಿಕೊಳ್ಳಲು ನಾನು ಮಾಡುವುದು ಇಷ್ಟೇ. ಗಟ್ಟಿಯಾದ ಹೇಳಿಕೆ ಒಂದು ಕಂಡರೆ, ಅದರ ಮುಂದಿನ ನಾಲ್ಕು ನಿಮಿಷದಲ್ಲಿ `but`, `however`, `turns out` ಹುಡುಕುತ್ತೇನೆ. ಹೇಳಿಕೆಗೆ ಮುಂಚೆ `people think`, `you might say` ಇದೆಯಾ ಅಂತಲೂ ನೋಡುತ್ತೇನೆ. ಆಮೇಲೆ ಸಮಾರೋಪದ ಮೂರು ನಿಮಿಷದ ಜೊತೆ ಹೊಂದಿಸಿ ನೋಡುತ್ತೇನೆ. ಅಲ್ಲಿ "ಆಯ್ಕೆಯಾಗುತ್ತವೆ" ಅಂತಿದ್ದು ನನ್ನ ಟಿಪ್ಪಣಿಯಲ್ಲಿ "ಬದಲಾಗುತ್ತವೆ" ಅಂತಿದ್ದರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಮಧ್ಯದಲ್ಲಿ ಏನೋ ತಪ್ಪಿಸಿಕೊಂಡಿದೆ.

ಪ್ರಶ್ನೋತ್ತರದಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಕೇಳುವವರ ಕೈಯಲ್ಲಿ ಮೈಕ್ ಇರುವುದಿಲ್ಲ, ಪ್ರಶ್ನೆ ದಾಖಲಾಗುವುದಿಲ್ಲ. "ಹೌದು, ಖಂಡಿತ, ಆದರೆ ಆಸ್ಪತ್ರೆಗಳಲ್ಲಿ ಮಾತ್ರ" ಎಂಬ ಉತ್ತರ ಒಂಟಿಯಾಗಿ ನಿಂತಿರುತ್ತದೆ. ಯಾವುದಕ್ಕೆ ಹೌದು? ಗೊತ್ತಿಲ್ಲ. ಉಪನ್ಯಾಸಕರು ಪ್ರಶ್ನೆಯನ್ನು ತಾವೇ ಮತ್ತೊಮ್ಮೆ ಹೇಳಿದ್ದರೆ ಮಾತ್ರ ಅದನ್ನು ಸಾರಾಂಶಕ್ಕೆ ತೆಗೆದುಕೊಳ್ಳಿ.

## ಚಾಪ್ಟರ್‌ಗಳೇ ಇಲ್ಲದಿದ್ದರೆ

ಹತ್ತು ನಿಮಿಷಕ್ಕೊಂದರಂತೆ ಟ್ರಾನ್ಸ್‌ಕ್ರಿಪ್ಟ್‌ಗೆ ಇಳಿದು ಅರ್ಧ ನಿಮಿಷ ಓದಿ, ಆಗ ಯಾವ ವಿಷಯ ನಡೆಯುತ್ತಿದೆ ಅಂತ ಎರಡೇ ಪದದಲ್ಲಿ ಗುರುತು ಹಾಕಿಕೊಳ್ಳಿ. ಪಕ್ಕಪಕ್ಕದ ಎರಡು ಗುರುತು ಬೇರೆ ಬೇರೆ ಆಗಿದ್ದರೆ ಕೀಲು ಅವೆರಡರ ಮಧ್ಯೆ ಇದೆ. ಅಲ್ಲಿ ಮತ್ತೆ ಅರ್ಧಕ್ಕೆ ಇಳಿಯಿರಿ. ಒಂದೂವರೆ ಗಂಟೆಯ ವಿಡಿಯೊಗೆ ಕಚ್ಚಾ ಚಾಪ್ಟರ್ ಪಟ್ಟಿ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಟ್ರಾನ್ಸ್‌ಕ್ರಿಪ್ಟೂ ಇಲ್ಲದಿದ್ದರೆ ಉಳಿಯುವುದು ಶೀರ್ಷಿಕೆ ಮತ್ತು ಡಿಸ್ಕ್ರಿಪ್ಷನ್ ಮಾತ್ರ. ಆಗ "ಹೀಗಿರಬಹುದು" ಅಂತ ಬರೆಯಬಹುದೇ ಹೊರತು ಸಾರಾಂಶ ಅಂತ ಕರೆಯಬೇಡಿ.

## ಬರೆದಾಗ ಹೀಗಿರುತ್ತದೆ

ಸಾರಾಂಶದಲ್ಲಿ ಪ್ರತಿ ಮಾತೂ ಎಲ್ಲಿಂದ ಬಂತು ಅನ್ನೋದು ಗೊತ್ತಾಗಬೇಕು. ನಮ್ಮ ಉದಾಹರಣೆಗೆ ನಾನು ಬರೆಯುವುದು ಹೀಗೆ:

> ಶೀರ್ಷಿಕೆ ಪರಿಹಾರದ ಬಗ್ಗೆ ಹೇಳಿದರೂ, ಸಮಯದ ಲೆಕ್ಕದಲ್ಲಿ ಇದು ಮುಖ್ಯವಾಗಿ ಬ್ಯಾಕ್ಟೀರಿಯಾ ಔಷಧದಿಂದ ಹೇಗೆ ಪಾರಾಗುತ್ತದೆ ಎಂಬ ಉಪನ್ಯಾಸ. 14:40 ರಿಂದ ಮೂರು ದಾರಿ ವಿವರಿಸುತ್ತಾರೆ: ಔಷಧವನ್ನು ಒಡೆಯುವುದು, ಹೊರಗೆ ದಬ್ಬುವುದು, ಗುರಿಯನ್ನೇ ಬದಲಿಸುವುದು. ಇಲ್ಲಿ ಚಿತ್ರ ತೋರಿಸಿ ಮಾತಾಡುವುದು ಜಾಸ್ತಿ, ವಿವರ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಿಕ್ಕಿಲ್ಲ. 47:30 ರಿಂದ, ತಡೆದುಕೊಳ್ಳುವ ಬ್ಯಾಕ್ಟೀರಿಯಾ ಔಷಧಕ್ಕಿಂತ ಮುಂಚೆಯೇ ಇರುತ್ತವೆ ಎಂಬುದಕ್ಕೆ 1943 ಮತ್ತು 1952 ರ ಪ್ರಯೋಗಗಳು. ಆರಂಭದ ಎರಡೂಮುಕ್ಕಾಲು ನಿಮಿಷ ಅವರು ತಳ್ಳಿಹಾಕುವ ವಾದ, ಅವರದ್ದಲ್ಲ. 1:03:00 ರಿಂದ, ಈ ಗುಣ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದು. ಪರಿಹಾರಕ್ಕೆ ಆರು ನಿಮಿಷವೂ ಇಲ್ಲ. ಪ್ರಶ್ನೋತ್ತರದಲ್ಲಿ ಪ್ರಶ್ನೆಗಳು ದಾಖಲಾಗಿಲ್ಲ, ಸೇರಿಸಿಲ್ಲ.

ಇದನ್ನು ಓದಿದ ಇಬ್ಬರು ಎರಡು ತೀರ್ಮಾನಕ್ಕೆ ಬರಬಹುದು. ಔಷಧ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಬೇಕಾದವರು 47:30 ಕ್ಕೆ ಹೋಗಿ 1:14:20 ರವರೆಗೆ, 27 ನಿಮಿಷ ನೋಡುತ್ತಾರೆ. ಆಸಕ್ತಿ ಉಳಿದರೆ ಆಮೇಲೆ 14:40 ಕ್ಕೆ ವಾಪಸ್ ಬಂದು ಚಿತ್ರಗಳನ್ನು ನೋಡುತ್ತಾರೆ. ಮುಂದೇನು ಮಾಡಬೇಕು ಅಂತ ಕೇಳಲು ಬಂದವರು ಟ್ಯಾಬ್ ಮುಚ್ಚಿ ಬೇರೆ ವಿಡಿಯೊ ಹುಡುಕುತ್ತಾರೆ.